ಕೆಂಚನ ಕಾಗದ

ನಾಯಿಯನ್ನು ‘ಅದು’ ಅಂದರೆ ಹೊಂಬಾಳಮ್ಮನಿಗೆ ಸಿಟ್ಟು ಬರುತ್ತಿತ್ತು. ಹಾಗಾಗಿ ಈ ಕತೆಯಲ್ಲೂ ಕೆಂಚನನ್ನು ‘ಅವನು’ ಎಂದೇ ಕರೆಯಬೇಕು, ಬೇರೆ ದಾರಿಯಿಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ರೇವಣ್ಣನ ಹೆಂಡತಿ ಆಕೆ. ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಾಗಿರಲಿಲ್ಲ. ಕಬ್ಬು ಅರೆಯುವ ಕಾಲದಲ್ಲಿ ಗಂಡ ರಾತ್ರಿ ಪಾಳಿಗೆ ಹೋದರೆ ಕಾರ್ಖಾನೆಯವರು ಕೊಟ್ಟ ಮನೆಯಲ್ಲಿ ಆಕೆಗೆ ಜೊತೆ ಅಂತ ಇದ್ದವನು ಕೆಂಚನೊಬ್ಬನೇ. ಜಾತಿನಾಯಿಯೇನಲ್ಲ. ಕೆಂಪು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಕೆ, ಅಷ್ಟೇ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ರೇವಣ್ಣನಿಗೆ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಇನ್ನೂ ಒಳ್ಳೆಯ ಕೆಲಸ ಸಿಕ್ಕಿತು. ಇರಲು ಮನೆಯನ್ನೂ ಕೊಡುತ್ತಾರೆ ಅಂತಾಯಿತು. ಅವನು ಮುಂಚಿತವಾಗಿ ಹೋಗಿ ಕೆಲಸಕ್ಕೆ ಸೇರಿದ. ಹೋಗುವ ಮುಂಚೆ, “ಕೆಂಚನ್ನ ನಮ್ಮೂರು ಕಿರುಗಾವಲಲ್ಲಿ ನಮ್ಮಣ್ಣನ ಹೊಲದ ಕಾವಲಿಗೆ ಬುಟ್ಬುಡಾನ ಕಣಮ್ಮಿ” ಅಂದ.

“ಬುಡಿ. ನನ್ನೂ ಅಲ್ಲೇ ಬುಟ್ಬುಡಿ, ಅವನ ಜತೆ ಹೊಲ ಕಾಯ್ತೀನಿ” ಅಂದಳು ಹೊಂಬಾಳಮ್ಮ.

ರೇವಣ್ಣ ಮತ್ತೆ ಆ ಮಾತು ಎತ್ತಲಿಲ್ಲ. ದಾವಣಗೆರೆಯಿಂದ ಬರೆದ ಕಾಗದದಲ್ಲಿ ಮಾತ್ರ ಒಂದು ವಿಷಯ ತಿಳಿಸಿದ. ಅಲ್ಲಿ ಹುಚ್ಚುನಾಯಿಯ ಕಾಟವಾಗಿ ಗಿರಣಿಯ ಸಾಲುಮನೆಗಳಲ್ಲಿ ನಾಯಿ ಸಾಕಲು ಹೊಸ ಕಟ್ಟಳೆ ಮಾಡಿದ್ದಾರೆ. ದನದ ಡಾಕ್ಟರು ನೋಡಿ ಬರೆದುಕೊಟ್ಟ ಕಾಗದ ಬೇಕು, ಅದೂ ಹೊಸದಾಗಿ ಬರೆಸಿದ್ದಾಗಿರಬೇಕು. ಕಾಗದವಿಲ್ಲದ ನಾಯಿಯನ್ನು ಗೇಟಿನೊಳಗೆ ಬಿಡುವುದಿಲ್ಲ. ಇದೊಂದು ಹೊಂದಿಸಿಕೊಂಡರೆ ಕೆಂಚನನ್ನು ಕರೆದುಕೊಂಡು ಬಾ ಅಂತ ಬರೆದಿದ್ದ.

ಇಂಥ ಕೆಲಸ ಕೊಟ್ಟರೆ ಹೊಂಬಾಳಮ್ಮ ಬಿಡುವ ಹೆಂಗಸಲ್ಲ. ಮರುದಿನವೇ ಕೆಂಚನ ಕೊರಳಿಗೆ ಹಗ್ಗ ಹಾಕಿಕೊಂಡು ದನದ ಆಸ್ಪತ್ರೆಗೆ ಹೋಗಿ ಎಮ್ಮೆ ಎತ್ತುಗಳ ಸಾಲಿನಲ್ಲಿ ನಿಂತಳು. ಡಾಕ್ಟರು ವಯಸ್ಸಾದವರು, ಕನ್ನಡಕದ ಮೇಲಿಂದ ನೋಡುವ ಚಾಳಿಯವರು. ನಾಯಿಯನ್ನು ರೈಲಿನಲ್ಲಿ ಊರು ದಾಟಿಸಲು ಇಷ್ಟು ಓಡಾಡುವ ಹೆಂಗಸನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ ಅಂತ ಕಾಣುತ್ತದೆ, ಬೇಸರವಿಲ್ಲದೆ ಎಲ್ಲವನ್ನೂ ಹೇಳಿದರು. ಹುಚ್ಚು ಬರದ ಹಾಗೆ ಹಾಕುವ ಸೂಜಿಯ ಔಷಧಿಯನ್ನು ಬೆಂಗಳೂರಿನಿಂದ ತರಿಸಿ ಹಾಕಿದರು. ಮೈಯಲ್ಲಿ ಕಜ್ಜಿ ಉಣ್ಣೆ ಇದೆಯೇ ಅಂತ ಕೂದಲು ಬಿಡಿಸಿ ನೋಡಿದರು. “ಕಾಗದ ಈಗ ಬೇಡಮ್ಮ. ಹೊರಡುವ ಹಿಂದಿನ ದಿನ ಕರೆದುಕೊಂಡು ಬನ್ನಿ, ಆವತ್ತು ಹೇಗಿದ್ದಾನೋ ಹಾಗೆ ಬರೆದುಕೊಡುತ್ತೇನೆ” ಅಂದರು.

ಊಟದ ವಿಷಯಕ್ಕೆ ಹೊಂಬಾಳಮ್ಮ ಒಂದು ಏರ್ಪಾಟು ಮಾಡಿಕೊಂಡೇ ಬಂದಿದ್ದಳು. ಊರು ಬಿಡುವ ದಿನ ಬಾಡಿನ ಸಾರಿನಲ್ಲಿ ಮುದ್ದೆ ಕಲಸಿ ಹೊಟ್ಟೆ ಬಿರಿಯೆ ಹಾಕಿಬಿಟ್ಟರೆ ದಾವಣಗೆರೆಯವರೆಗೂ ತಡೆಯುತ್ತದೆ ಅನ್ನುವುದು ಅವಳ ಲೆಕ್ಕ. ಡಾಕ್ಟರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಗಾಡಿ ಹತ್ತುವುದಕ್ಕೆ ನಾಲ್ಕೈದು ಗಂಟೆ ಮೊದಲು ಒಂದಿಷ್ಟೇ ಹಾಕಬೇಕು, ಇಲ್ಲದಿದ್ದರೆ ಗಾಡಿಯ ಕುಲುಕಿಗೆ ಎಲ್ಲ ಆಚೆಗೆ ಬರುತ್ತದೆ; ದಾರಿಯಲ್ಲಿ ಹೊಸ ತಿಂಡಿ ಏನೂ ಬೇಡ, ಮನೆಯಲ್ಲಿ ತಿನ್ನುವ ರಾಗಿರೊಟ್ಟಿಯನ್ನೇ ಒಣಗಿಸಿ ಕಟ್ಟಿಕೊಳ್ಳಿ; ನೀರು ಮಾತ್ರ ದೊಡ್ಡ ಸ್ಟೇಷನ್ನು ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಕುಡಿಸಿ ಅಂದರು. ಅವನು ದಿನಾ ಮಲಗುವ ಕಂಬಳಿಯನ್ನು ಒಗೆಯದೆ ಹಾಗೆಯೇ ತೆಗೆದುಕೊಂಡು ಹೋಗಿ, ಮನೆಯ ವಾಸನೆ ಇದ್ದರೆ ಹೆದರುವುದಿಲ್ಲ ಅಂತಲೂ ಹೇಳಿದರು. ಒಗೆಯಬೇಡಿ ಅಂದ ಮಾತು ಹೊಂಬಾಳಮ್ಮನಿಗೆ ಬಹಳ ಕಷ್ಟವಾಯಿತು. ಆ ಕಂಬಳಿಯನ್ನು ಒಗೆದು ದಾವಣಗೆರೆಯವರ ಮುಂದೆ ಮಾನ ಉಳಿಸಿಕೊಳ್ಳಬೇಕೆಂದು ಅವಳು ಆಗಲೇ ಸೀಗೆಪುಡಿ ಎತ್ತಿಟ್ಟಿದ್ದಳು.

ಅಲ್ಲಿಂದ ರೈಲ್ವೆ ಸ್ಟೇಷನ್ನಿಗೆ ಹೋದಳು. ನಾಯಿಗೆ ಬೇರೆ ಟಿಕೀಟು. ಅವನು ಮನುಷ್ಯರ ಜೊತೆ ಕೂರುವ ಹಾಗಿಲ್ಲ, ಗಾರ್ಡಿನ ಡಬ್ಬಿಯಲ್ಲಿ ನಾಯಿಗೆಂದೇ ಇರುವ ಗೂಡಿನಲ್ಲಿ ಹೋಗಬೇಕು. ಕೊರಳಪಟ್ಟಿ, ಸರಪಳಿ ಇರಬೇಕು. ಅನ್ನ ನೀರು ನಿಮ್ಮದೇ. ಬೆಂಗಳೂರಿನಲ್ಲಿ ಗಾಡಿ ಬದಲಾಯಿಸುವಾಗ ನೀವೇ ಇಳಿಸಿಕೊಂಡು ಇನ್ನೊಂದಕ್ಕೆ ಹತ್ತಿಸಬೇಕು. ಇಷ್ಟನ್ನೂ ಹೇಳಿ ಸ್ಟೇಷನ್ ಮಾಸ್ತರರು ಕೊನೆಗೆ, “ಪ್ಲಾಟ್‌ಫಾರಮ್ಮಿನಲ್ಲಿ ಜನ ಬಹಳ. ನಡೆಸಿಕೊಂಡು ಹೋಗುವಾಗ ಬಾಯಿಗೆ ಏನಾದರೂ ಹಾಕಿದ್ದರೆ ಒಳ್ಳೆಯದು” ಅಂದರು. ಈ ಕೊನೆಯ ಮಾತೇ ಎಲ್ಲ ಕೆಡಿಸಿತು.

ಬಾಯಿಗೆ ಹಾಕುವುದು ಅಂದ ಕೂಡಲೇ ಹೊಲದ ಕಡೆಯವರಿಗೆ ನೆನಪಾಗುವುದು ಒಂದೇ, ಕುಕ್ಕೆ. ಕಣ ತುಳಿಯುವ ಎತ್ತು ತೆನೆಗೆ ಬಾಯಿ ಹಾಕದಿರಲಿ ಅಂತ ಮೂತಿಗೆ ಕಟ್ಟುವ ಹುರಿಯ ಬುಟ್ಟಿ ಅದು. ಪಕ್ಕದ ಹಳ್ಳಿ ಗುತ್ತಲಿನಿಂದ ಕಾರ್ಖಾನೆಯ ಮನೆಗಳಿಗೆ ಹಾಲು ತರುತ್ತಿದ್ದ ಚಿಕ್ಕಬೋರಮ್ಮನಿಗೆ ಕುಕ್ಕೆ ಹೆಣೆಯಲು ಬರುತ್ತಿತ್ತು. ಗಂಡ ಸತ್ತವಳು, ಮಕ್ಕಳಿಲ್ಲ, ಎರಡು ಎಮ್ಮೆ ಇಟ್ಟುಕೊಂಡಿದ್ದಳು. ಮಾತು ಒರಟು, ಹಾಲಿಗೆ ಮಾತ್ರ ನೀರು ಬೆರೆಸಿದವಳಲ್ಲ. ಹೊಂಬಾಳಮ್ಮನಿಗಿಂತ ಹತ್ತು ವರ್ಷಕ್ಕೆ ದೊಡ್ಡವಳಾದ್ದರಿಂದ ಇವಳು ಅಕ್ಕ ಅನ್ನುತ್ತಿದ್ದಳು. ಕೆಂಚನಿಗೆ ದಿನಾ ಒಂದು ಬೊಗಸೆ ಮಜ್ಜಿಗೆ ಅವಳ ಕಡೆಯಿಂದ ಪುಕ್ಕಟೆ ಸಲ್ಲುತ್ತಿತ್ತು.

ಹೊರಡಲು ಮೂರು ದಿನವಿರುವಾಗ ಚಿಕ್ಕಬೋರಮ್ಮ ಕರುವಿನ ಅಳತೆಗೆ ಹೆಣೆದ ಕುಕ್ಕೆ ತಂದಳು. “ತತ್ತಾ, ಅಳ್ತೆ ನೋಡಾನ” ಅಂತ ಕೆಂಚನ ಮುಂದೆ ಕೂತಳು. ನಾಯಿಯ ಮೂತಿ ಕರುವಿನ ಮೂತಿಯಲ್ಲವಲ್ಲ. ಮೊದಲ ಸಲ ಕುಕ್ಕೆ ಜಾರಿತು. ಎರಡನೆಯ ಸಲ ಅವಳು ಕರುವಿಗೆ ಮಾಡುವ ಹಾಗೆಯೇ ತಲೆಯನ್ನು ಮೊಣಕಾಲ ಸಂದಿಗೆ ಒತ್ತಿ ಹಿಡಿದು ಹುರಿ ಎಳೆದಳು. ಉಸಿರು ಕಟ್ಟಿದಂತಾಗಿ ಕೆಂಚ ಒದ್ದಾಡಿದ, ಹಲ್ಲು ಕೈಗೆ ನೆಟ್ಟವು. ಹೆಬ್ಬೆರಳಿನ ಬುಡದಲ್ಲಿ ರಕ್ತ ಚಿಲ್ಲೆಂದು ಬಂತು. ಕಚ್ಚಿದವನೇ ಹೆದರಿ ಒಲೆಯ ಹಿಂದೆ ಹೋಗಿ ಅವಿತ.

“ಅಯ್ಯೋ ಅಕ್ಕ! ನಡಿ ಆಸ್ಪತ್ರೆಗೆ” ಅಂದಳು ಹೊಂಬಾಳಮ್ಮ.

“ಬಾಯ್ಮುಚ್ಚು. ಆಸ್ಪತ್ರೆಗೋದ್ರೆ ಹೊಟ್ಟೆಗೆ ಹದಿನಾಕು ಸೂಜಿ ಚುಚ್ತಾರೆ. ಎಮ್ಮೆ ಯಾರು ಕರೀತಾರೆ, ನಿನ್ ಗಂಡನಾ? ಒಸಿ ಸುಣ್ಣ ತತ್ತಾ, ಮೆಣಸಿನ್ ಪುಡಿ ತತ್ತಾ” ಅಂತ ಚಿಕ್ಕಬೋರಮ್ಮ ಗದರಿದಳು. ಗಾಯಕ್ಕೆ ಅವೆರಡನ್ನೂ ಮೆತ್ತಿ, ಸೀರೆಯ ಸೆರಗು ಹರಿದು ಕಟ್ಟಿಕೊಂಡಳು. ಉರಿಗೆ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, “ಯಾರ್ಗೂ ಏಳ್ಬೇಡ. ಏಳಿದ್ರೆ ನಿನ್ ನಾಯಿಗೂ ಕಾಗ್ದ ಸಿಕ್ಕಾಕಿಲ್ಲ, ನಂಗೂ ಸೂಜಿ ತಪ್ಪಾಕಿಲ್ಲ” ಅಂತ ಹೇಳಿ ಹಾಲಿನ ತಪ್ಪಲೆ ಎತ್ತಿಕೊಂಡು ಹೋದಳು. ಹೊಂಬಾಳಮ್ಮನಿಗೂ ಆ ಮಾತು ಬೇಕಾಗಿತ್ತು. ಅವಳು ಹೂಂ ಅಂದಳು.

ಹೊರಡುವ ಹಿಂದಿನ ದಿನ ರೇವಣ್ಣ ರಜೆ ಹಾಕಿ ಬಂದಿದ್ದ. ಪಾತ್ರೆ ಪಗಡೆಯೆಲ್ಲ ಮೂಟೆ ಕಟ್ಟಿ ಗೂಡ್ಸಿಗೆ ಹಾಕಿಯಾಗಿತ್ತು. ಹೊಂಬಾಳಮ್ಮ ಕೆಂಚನನ್ನು ಕರೆದುಕೊಂಡು ದನದ ಆಸ್ಪತ್ರೆಗೆ ಹೋದಳು. ಡಾಕ್ಟರು ಕಣ್ಣು, ಹಲ್ಲು, ಮೈ ಎಲ್ಲ ನೋಡಿದರು. ಒಂದು ಬಟ್ಟಲಲ್ಲಿ ನೀರಿಟ್ಟರು, ಅವನು ಕುಡಿದ. ಲೇಖನಿ ತೆಗೆದುಕೊಂಡು, “ಈ ಹತ್ತು ದಿನದಲ್ಲಿ ಯಾರನ್ನಾದರೂ ಕಚ್ಚಿದ್ದಾನಾಮ್ಮ?” ಅಂತ ಕೇಳಿದರು.

“ಇಲ್ಲ ಬುದ್ಧಿ” ಅಂದಳು ಹೊಂಬಾಳಮ್ಮ. ಒಂದು ಗಳಿಗೆಯೂ ತಡೆಯದೆ ಅಂದಳು. ಡಾಕ್ಟರು ಬರೆದು ಮೊಹರು ಒತ್ತಿ ಕೊಟ್ಟರು.

ಕಾಗದವನ್ನು ರವಿಕೆಯೊಳಗೆ ಇಟ್ಟುಕೊಂಡು ಬಂದವಳಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಕೆಂಚನನ್ನು ಮನೆಯಲ್ಲಿ ಗಂಡನ ಹತ್ತಿರ ಬಿಟ್ಟು ಗುತ್ತಲಿನಲ್ಲಿ ಚಿಕ್ಕಬೋರಮ್ಮನ ಮನೆಗೆ ಹೋದಳು. ಹೇಳಿ ಹೋಗೋಣ ಅಂತ. ಚಿಕ್ಕಬೋರಮ್ಮ ಜಗಲಿಯ ಮೇಲೆ ಒಂದು ಚೊಂಬು ನೀರು ಮುಂದಿಟ್ಟುಕೊಂಡು ಅದನ್ನೇ ದುರುಗುಟ್ಟಿ ನೋಡುತ್ತಿದ್ದಳು. ಒಂದು ಗುಟುಕು ಕುಡಿದಳು. ಮತ್ತೆ ನೋಡಿದಳು. ಕೈ ಊದಿ ಬಾಳೆಕಾಯಿಯಂತಾಗಿತ್ತು.

“ಏನಕ್ಕ ಅದು?” ಅಂದಳು ಹೊಂಬಾಳಮ್ಮ.

“ನೀರ್ ಕಂಡ್ರೆ ಭಯ ಆಯ್ತದಾ ಅಂತ ನೋಡ್ತಾವ್ನಿ ಕಣಮ್ಮಿ. ಇನ್ನೂ ಆಗಿಲ್ಲ. ಮಳವಳ್ಳೀಲಿ ನಮ್ ಭಾವ ಇಂಗೇ ಸತ್ತೋದ. ನಾಯಿ ಕಚ್ಚಿ ತಿಂಗ್ಳಾದ್ ಮ್ಯಾಲೆ ನೀರ್ ತಂದ್ರೆ ಕಿರುಚ್ಕೊತಿದ್ದ, ಕೈಕಾಲ್ ಕಟ್ಟಾಕಿದ್ರು. ನಾನೇ ನೋಡಿವ್ನಿ.” ಅವಳು ಚೊಂಬನ್ನು ಪಕ್ಕಕ್ಕೆ ಇಟ್ಟಳು. “ನೀನು ಓಗ್ಬುಟ್ ಬಾ. ಕೆಂಚ ಚೆನ್ನಾಗವ್ನಾ?”

ಚೆನ್ನಾಗಿದ್ದಾನೆ ಅಂದು ಹೊಂಬಾಳಮ್ಮ ಎದ್ದುಬಂದಳು. ಆದರೆ ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಕೆಂಚ ಚೆನ್ನಾಗಿದ್ದಾನಾ ಅಂತ ನಾಳೆ ಕೇಳಿದರೆ ಹೇಳುವವರು ಯಾರು? ನಾಡಿದ್ದು ಯಾರು? ನಾಯಿ ದಾವಣಗೆರೆಗೆ ಹೋಗಿಬಿಟ್ಟರೆ ಈ ಹೆಂಗಸು ತಿಂಗಳುಗಟ್ಟಲೆ ಚೊಂಬು ನೋಡಿಕೊಂಡು ಕೂರಬೇಕು. ತನ್ನ ರವಿಕೆಯಲ್ಲಿರುವ ಕಾಗದ ನಾಯಿಗೆ ಆಯಿತು, ಇವಳಿಗೇನಾಯಿತು? ಹೊಂಬಾಳಮ್ಮನಿಗೆ ನಾಚಿಕೆಯಾಯಿತು. ಅಷ್ಟೇ ಸಂಕಟವೂ ಆಯಿತು, ಯಾಕೆಂದರೆ ಈಗ ಬಾಯಿ ಬಿಟ್ಟರೆ ಕೆಂಚ ಎಂದೆಂದಿಗೂ ಕೈ ತಪ್ಪಿ ಹೋಗಬಹುದು ಅನ್ನಿಸಿತು. ಬೀದಿಯ ತಿರುವಿನಲ್ಲಿ ನಿಂತು ಅತ್ತಳು. ಆಮೇಲೆ ಮನೆಗೆ ಹೋಗದೆ ದನದ ಆಸ್ಪತ್ರೆಗೆ ವಾಪಸು ನಡೆದಳು.

ಡಾಕ್ಟರು ಎಲ್ಲ ಕೇಳಿಸಿಕೊಂಡು ಕಾಗದ ಈಸಿಕೊಂಡು ಎರಡಾಗಿ ಹರಿದರು. “ನಾನು ಮೊಹರು ಒತ್ತಿದ್ದಕ್ಕೆ ಬೆಲೆ ಬೇಡವೇನಮ್ಮ? ಮೊನ್ನೆ ತಾನೇ ಸಂತೆಮಾಳದಲ್ಲಿ ಹುಚ್ಚುನಾಯಿ ಹೊಡೆದರು” ಅಂತ ಚೆನ್ನಾಗಿ ಬೈದರು. ಸೂಜಿ ಹಾಕಿಸಿದ್ದೇವಲ್ಲ ಅಂದದ್ದಕ್ಕೆ, ಆ ಸೂಜಿಯನ್ನು ನಂಬಿ ಮನುಷ್ಯರ ಪ್ರಾಣ ಪಣಕ್ಕಿಡಲು ಆಗುವುದಿಲ್ಲ ಅಂದರು. ಬೈದು ಮುಗಿದ ಮೇಲೆ ದಾರಿಯನ್ನೂ ಅವರೇ ಹೇಳಿದರು. ಕಚ್ಚಿದ ದಿನದಿಂದ ಹತ್ತು ದಿನ ನಾಯಿಯನ್ನು ಕಟ್ಟಿಹಾಕಿ ನೋಡಬೇಕು. ಹುಚ್ಚಿನ ವಿಷ ಕಚ್ಚುವಾಗಲೇ ಅವನ ಜೊಲ್ಲಿನಲ್ಲಿದ್ದರೆ ಅಷ್ಟರೊಳಗೆ ಅವನೇ ಕಾಯಿಲೆ ಬಿದ್ದು ಸಾಯುತ್ತಾನೆ. ಚೆನ್ನಾಗಿದ್ದರೆ ಆಕೆಗೆ ಆ ಕಚ್ಚಿನಿಂದ ಭಯವಿಲ್ಲ, ಸೂಜಿಯೂ ಬೇಡ. “ನಾಯಿ ಕಣ್ಣ ಮುಂದೆ ಇರಬೇಕು ಅಷ್ಟೇ. ಆಕೆಯನ್ನು ಈಗಲೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ. ಆ ಸುಣ್ಣ ಮೆಣಸಿನಪುಡಿಯನ್ನೆಲ್ಲ ಸೋಪು ನೀರಲ್ಲಿ ತೊಳೆಸಿ” ಅಂದರು. ಕೆಂಚನ ಬಾಯಿಗೆ ಕರುವಿನ ಕುಕ್ಕೆ ಹಾಕಿದ್ದನ್ನು ಕೇಳಿ ಮಾತ್ರ ಅವರು ಕನ್ನಡಕ ತೆಗೆದಿಟ್ಟರು. ನಾಯಿಗೆ ಬೆವರುವುದೆಲ್ಲ ಬಾಯಲ್ಲೇ ಅನ್ನಿ, ಬಾಯಿ ತೆರೆದು ತೇಕುವಷ್ಟು ಸಡಿಲವಾದ ಚರ್ಮದ ಪಟ್ಟಿ ಹೊಲಿಸಿ, ಗೂಡಿನೊಳಗೆ ಬಿಟ್ಟ ಮೇಲೆ ಅದನ್ನೂ ಬಿಚ್ಚಿ ಅಂತ ತಿಳಿಸಿ ಕಳಿಸಿದರು.

ರೇವಣ್ಣ ಕುಣಿದಾಡಿದ. “ಸಾಮಾನೆಲ್ಲ ಓಗದೆ, ನಾಳೀದ್ದು ಕೆಲ್ಸಕ್ಕೆ ಆಜರಾಗ್ಬೇಕು. ನಾಯಿಗೋಸ್ಕರ ಗಂಡನ್ನ ಒಬ್ನೇ ಕಳುಸ್ತೀಯಾ?”

“ನಾಯಿಗೆ ಅಲ್ಲ” ಅಂದಳು ಹೊಂಬಾಳಮ್ಮ. “ಬನ್ನಿ, ಅಕ್ಕನ್ ಕೈ ನೋಡ್ಬನ್ನಿ.”

ಅವನು ಹೋಗಿ ನೋಡಿದ. ಚಿಕ್ಕಬೋರಮ್ಮನನ್ನು ಜಟಕಾದಲ್ಲಿ ಕೂರಿಸಿ ದೊಡ್ಡಾಸ್ಪತ್ರೆಗೆ ಅವನೇ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರೂ ಗಾಯ ತೊಳೆದು ಅದೇ ಮಾತು ಹೇಳಿದರು: ನಾಯಿಯನ್ನು ನೋಡಿ, ಅದಕ್ಕೆ ಏನಾದರೂ ಆದರೆ ಅದೇ ದಿನ ಓಡಿಬನ್ನಿ. ಮರುದಿನ ರೇವಣ್ಣ ಒಬ್ಬನೇ ಗಾಡಿ ಹತ್ತಿದ. ಕಾರ್ಖಾನೆಯ ಮನೆ ಖಾಲಿ ಮಾಡಲೇಬೇಕಿತ್ತು. ಹೊಂಬಾಳಮ್ಮ ಕೆಂಚನನ್ನೂ ಅವನ ಕಂಬಳಿಯನ್ನೂ ಎತ್ತಿಕೊಂಡು ಚಿಕ್ಕಬೋರಮ್ಮನ ಮನೆಗೇ ಬಂದಳು. ಕಚ್ಚಿದವನು ಕಚ್ಚಿಸಿಕೊಂಡವಳ ಮನೆಯ ಜಗಲಿಯ ಕಂಬಕ್ಕೆ ಸರಪಳಿಯಲ್ಲಿ ಕಟ್ಟಿಸಿಕೊಂಡು ನೆಂಟನ ಹಾಗೆ ಕೂತ.

ಚಿಕ್ಕಬೋರಮ್ಮ ಮೊದಲೆರಡು ದಿನ ಹೊಂಬಾಳಮ್ಮನ ಜೊತೆ ಮಾತು ಬಿಟ್ಟಿದ್ದಳು. ಹೇಳಬೇಡ ಅಂದದ್ದನ್ನು ಊರಿಗೆಲ್ಲ ಸಾರಿದಳು ಅಂತ ಕೋಪ. ಹೊಂಬಾಳಮ್ಮ ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳದೆ ಎಮ್ಮೆಗೆ ಹುಲ್ಲು ಹಾಕಿದಳು, ಹಾಲು ಕರೆದಳು. ಒಂದು ಕೈ ಊದಿ ಕೂತಿದ್ದ ಚಿಕ್ಕಬೋರಮ್ಮ ಅವಳ ಹಾಲು ಕರೆಯುವ ರೀತಿಗೆ ತಪ್ಪು ಹುಡುಕುವ ಸಲುವಾಗಿಯಾದರೂ ಬಾಯಿ ಬಿಡಬೇಕಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಕೆಂಚ ಮುದ್ದೆಯನ್ನು ಮೂಸಿ ಮುಖ ತಿರುಗಿಸಿದ. ಸಾರು ಸುರಿದರೂ ಮುಟ್ಟಲಿಲ್ಲ. ಕಂಬಳಿಯ ಮೇಲೆ ಬಿದ್ದುಕೊಂಡು ನರಳಿದ, ಜೊಲ್ಲು ಬೇರೆ ಸುರಿಯುತ್ತಿತ್ತು. ಚಿಕ್ಕಬೋರಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು. “ಎಮ್ಮೇನ ನೀನೇ ಯಾರ್ಗಾದ್ರೂ ಒಳ್ಳೇರಿಗೆ ನೋಡಿ ಮಾರ್ಬುಡು” ಅಂದಳು. ಹೊಂಬಾಳಮ್ಮ ಸೆರಗು ಸಿಕ್ಕಿಸಿಕೊಂಡಳು. ದನದ ಆಸ್ಪತ್ರೆಯವರೆಗೂ ಓಡಿದಳು ಅಂದರೆ ಓಡಿದಳು.

ಡಾಕ್ಟರು ಬಂದು ದೂರದಿಂದಲೇ ಸುತ್ತ ನಡೆದು ನೋಡಿದರು. ಹೆಸರು ಹಿಡಿದು ಕರೆದರು, ಕೆಂಚ ಬಾಲ ಅಲ್ಲಾಡಿಸಿದ. ಬೊಗಳಿಸಿದರು, ಗಂಟಲು ಸರಿಯಿತ್ತು. ಕೋಲಿನಿಂದ ನೀರಿನ ಬಟ್ಟಲು ಮುಂದೆ ಸರಿಸಿದರು, ಅವನು ಕುಡಿದ. ದವಡೆ ಜೋತು ಬಿದ್ದಿರಲಿಲ್ಲ. ಹೊಟ್ಟೆ ಮಾತ್ರ ಮದ್ದಳೆಯಂತಿತ್ತು.

“ಇವನಿಗೆ ಊಟ ಹಾಕುವವರು ಯಾರು?” ಅಂತ ಕೇಳಿದರು.

“ನಾನು” ಅಂದಳು ಹೊಂಬಾಳಮ್ಮ. “ನಾನು” ಅಂದಳು ಚಿಕ್ಕಬೋರಮ್ಮ. ಇಬ್ಬರೂ ಮುಖ ಮುಖ ನೋಡಿಕೊಂಡರು. ಊಟ ಬಿಟ್ಟನೇನೋ ಅನ್ನುವ ಭಯಕ್ಕೆ ಒಬ್ಬಳಿಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬಳು, ತಿನ್ನುತ್ತಾನೋ ಇಲ್ಲವೋ ಪರೀಕ್ಷೆ ಮಾಡಲು ಹೊತ್ತಿಗೊಂದು ಮುದ್ದೆ, ಹೊತ್ತಿಗೊಂದು ಬಟ್ಟಲು ಕೆನೆ ಮೊಸರು ಹಾಕುತ್ತಲೇ ಇದ್ದರು. ಊರೆಲ್ಲ ರೇಷನ್ ರಾಗಿಗೆ ಕ್ಯೂ ನಿಲ್ಲುವ ಕಾಲದಲ್ಲಿ ಇವನೊಬ್ಬ ಅಜೀರ್ಣದಿಂದ ನರಳುತ್ತಿದ್ದ. ಡಾಕ್ಟರು ಒಂದು ದಿನ ಉಪವಾಸ, ಬರೀ ನೀರು, ಆಮೇಲೆ ಹೊತ್ತಿಗೆ ಸರಿಯಾಗಿ ಒಬ್ಬರೇ ಹಾಕಿ ಅಂತ ಹೇಳಿ, ಬಾಗಿಲು ದಾಟಿದ ಮೇಲೆ ನಕ್ಕರು. ಚಿಕ್ಕಬೋರಮ್ಮ ನಗಲಿಲ್ಲ. ಒಳಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು ಹಾಲಿಗೆ ಹೊರಟಳು. ಮರುದಿನ ಕೆಂಚ ಚೂರು ಮುದ್ದೆ ತಿಂದ.

ಅವಧಿ ಮುಗಿದ ಮರುದಿನ ಇಬ್ಬರೂ ಸೇರಿ ಅವನನ್ನು ದನದ ಆಸ್ಪತ್ರೆಗೆ ನಡೆಸಿಕೊಂಡು ಹೋದರು. ಡಾಕ್ಟರು ನೋಡಿ ಹೊಸ ಕಾಗದ ಬರೆದರು, ಕಚ್ಚಿದ್ದನ್ನೂ, ಕಟ್ಟಿಹಾಕಿ ನೋಡಿದ್ದನ್ನೂ, ಏನೂ ಆಗದ್ದನ್ನೂ ಸೇರಿಸಿ ಬರೆದರು. “ನಿಮಗಿನ್ನು ಭಯವಿಲ್ಲ, ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಿ” ಅಂತ ಚಿಕ್ಕಬೋರಮ್ಮನಿಗೆ ಹೇಳಿದರು.

ಗಾಡಿಯ ದಿನ ಬೆಳಿಗ್ಗೆ ಬೇಗನೆ ಕೆಂಚನಿಗೆ ಅರ್ಧ ಮುದ್ದೆ ಹಾಕಿ, ಆಮೇಲೆ ಕಾಲುವೆ ಏರಿಯ ಮೇಲೆ ಚೆನ್ನಾಗಿ ಓಡಾಡಿಸಿ, ಸ್ಟೇಷನ್ನಿಗೆ ಕರೆತಂದರು. ಚರ್ಮದ ಪಟ್ಟಿಯನ್ನು ಅವನು ಗೊಣಗದೆ ಹಾಕಿಸಿಕೊಂಡ. ಗಾರ್ಡಿನ ಡಬ್ಬಿಯ ಗೂಡಿನಲ್ಲಿ ಆ ಒಗೆಯದ ಕಂಬಳಿ ಹಾಸಿದರೂ ಒಳಗೆ ಹೋಗಲು ಹಿಂದೆ ಮುಂದೆ ನೋಡಿದ. ಹೊಂಬಾಳಮ್ಮ ಒಳಕ್ಕೆ ಕೈ ಚಾಚಿ ಕಂಬಳಿ ತಟ್ಟಿದಳು. ಮೂಸಿ ನೋಡಿ ಹತ್ತಿದ. ಪಟ್ಟಿ ಬಿಚ್ಚಿ ಬಾಗಿಲು ಹಾಕಿದರು. ಚನ್ನಪಟ್ಟಣದಲ್ಲಿ ನೀರು ಕೊಡಲು ಬರುತ್ತೇನೆ ಅಂತ ಅವಳು ಗಾರ್ಡಿಗೆ ಹೇಳಿ ತನ್ನ ಡಬ್ಬಿಗೆ ಬಂದಳು.

ಕಿಟಕಿಯ ಹೊರಗೆ ಚಿಕ್ಕಬೋರಮ್ಮ ನಿಂತಿದ್ದಳು. ಹೊಂಬಾಳಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

“ಅಕ್ಕ, ಒಂದ್ ಮಾತು. ಆವತ್ತು ಡಾಕ್ಟ್ರು ಕೇಳ್ದಾಗ ನಾನು ಕಚ್ಚಿಲ್ಲ ಅಂದ್ಬುಟ್ಟಿದ್ದೆ. ಕಾಗ್ದ ಎದೇಲಿಟ್ಕೊಂಡೇ ನಿನ್ ಮನೇಗೆ ಬಂದಿದ್ದು. ನಿನ್ನ ಅಂಗೇ ಬುಟ್ಟು ಓಯ್ತಿದ್ದೆ.”

“ಗೊತ್ತಿತ್ತು” ಅಂದಳು ಚಿಕ್ಕಬೋರಮ್ಮ. “ಕೆಂಚ ಚೆನ್ನಾಗವ್ನಾ ಅಂತ ನಾನ್ಯಾಕೆ ಕೇಳ್ದೆ ಅನ್ಕೊಂಡಿದ್ದೀಯ? ನಿನ್ ಬಾಯಿಂದ್ಲೇ ನಿಜ ಬರ್ಲಿ ಅಂತ.”

ಹೊಂಬಾಳಮ್ಮ ಕಿಟಕಿಯ ಹತ್ತಿರಕ್ಕೆ ಬಾಗಿದಳು.

“ಏಳ್ಬೇಡ ಅಂತ ನಾನೇ ಬಾಯಿ ಮುಚ್ಸಿದ್ದೆ ಕಣಮ್ಮಿ. ಮುಚ್ಚಿದ್ದಕ್ಕೆ ನಾನೇ ನಿಂಗೆ ಹಿಡಿ ಸಾಪ ಆಕ್ತಾ ಕುಂತಿದ್ದೆ. ನಿನ್ ನಾಯಿ ದಾರೀಲೇ ಸಾಯ್ಲಿ ಅಂತ್ಲೂ ಅಂದೆ. ಅವ್ನು ಸತ್ರೆ ನಂಗೇನಾಯ್ತದೆ ಅಂತ್ಲೂ ಯೋಚ್ನೆ ಮಾಡ್ದಂಗೆ ಅಂದೆ.” ಅವಳು ಗಾಯ ಮಾಗಿದ ಕೈಯನ್ನು ಕಿಟಕಿಯ ಸರಳಿನ ಮೇಲಿಟ್ಟಳು. “ನೀನು ಬೀದೀಲಿ ತಿರುಕ್ಕಂಡು ಆಸ್ಪತ್ರೆ ಕಡೀಕೆ ಓದಾಗ ಜಗ್ಲಿ ಮ್ಯಾಲಿಂದ ನೋಡ್ತಾ ಇದ್ದೆ. ಆಮ್ಯಾಲೆ ನಿನ್ ಜತೆ ಮಾತು ಬುಟ್ಟಿದ್ದು ಕ್ವಾಪಕ್ಕಲ್ಲ, ನಾಚ್ಕೆಗೆ.”

ಗಾರ್ಡು ಸೀಟಿ ಊದಿದ. ಹೊಂಬಾಳಮ್ಮ ಆ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು. ಗಾಡಿ ಹೊರಟ ಮೇಲೂ ಚಿಕ್ಕಬೋರಮ್ಮ ಕೈ ಬಿಡಿಸಿಕೊಳ್ಳದೆ ನಾಲ್ಕು ಹೆಜ್ಜೆ ಜೊತೆಗೆ ನಡೆದಳು.